ದರ ಬದಲಾಗದ ಚಿನ್ನ: ಕ್ಯಾಲಿಫೋರ್ನಿಯಾದಿಂದ ಕೋಲಾರದವರೆಗೆ

ನಮ್ಮ ಕಡೆ ಚಿನ್ನದ ಅಂಗಡಿಗೆ ಹೋದರೆ ಹಿರಿಯರು ಇಂದಿಗೂ ಗ್ರಾಂ ಲೆಕ್ಕ ಕೇಳುವುದಿಲ್ಲ. "ಎಷ್ಟು ಸವರನ್?" ಎನ್ನುತ್ತಾರೆ, ಕೆಲವರು ಪವನ್ ಎನ್ನುತ್ತಾರೆ. ಒಂದು ಸವರನ್ ಎಂದರೆ ಎಂಟು ಗ್ರಾಂ. ಹತ್ತು ಅಲ್ಲ, ಐದು ಅಲ್ಲ, ಎಂಟೇ ಏಕೆ? ಈ ಲೆಕ್ಕ ಬಂದದ್ದು ಬ್ರಿಟನ್ನಿನ ಸವರನ್ ಎಂಬ ಚಿನ್ನದ ನಾಣ್ಯದಿಂದ. 22 ಕ್ಯಾರೆಟ್ ಚಿನ್ನದ ಆ ನಾಣ್ಯದ ತೂಕ 7.98 ಗ್ರಾಂ, ಅದರ ಬೆಲೆ ಒಂದು ಪೌಂಡ್. ಅಂದರೆ ಪೌಂಡ್ ಎಂಬ ಹಣವೇ ಒಂದು ತುಂಡು ಚಿನ್ನವಾಗಿತ್ತು. ಇದಕ್ಕೆ ಸುವರ್ಣ ಪ್ರಮಾಣ ಪದ್ಧತಿ ಎನ್ನುತ್ತಾರೆ. ಬ್ರಿಟನ್ 1821ರಿಂದ ಪೂರ್ತಿಯಾಗಿ ಈ ಪದ್ಧತಿಯಲ್ಲಿತ್ತು.

ಈ ಪದ್ಧತಿಯಲ್ಲಿ ಚಿನ್ನದ ದರ ಏರುವಂತಿಲ್ಲ, ಇಳಿಯುವಂತಿಲ್ಲ. 22 ಕ್ಯಾರೆಟ್ ಚಿನ್ನವನ್ನು ಲಂಡನ್ನಿನ ಟಂಕಸಾಲೆಗೆ ಒಯ್ದರೆ ಒಂದು ಔನ್ಸಿಗೆ 3 ಪೌಂಡ್ 17 ಶಿಲಿಂಗ್ 10½ ಪೆನ್ಸ್ ಲೆಕ್ಕದಲ್ಲಿ ನಾಣ್ಯ ಹೊಡೆದುಕೊಡುತ್ತಿದ್ದರು, ಆದರೆ ಕಾಯಬೇಕಿತ್ತು. ಕಾಯಲು ಮನಸ್ಸಿಲ್ಲದವರಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ 3 ಪೌಂಡ್ 17 ಶಿಲಿಂಗ್ 9 ಪೆನ್ಸ್ ಕೂಡಲೇ ಕೊಡುತ್ತಿತ್ತು. ಒಂದೂವರೆ ಪೆನ್ಸ್ ವ್ಯತ್ಯಾಸ ಕಾಯುವ ಕಷ್ಟಕ್ಕೆ ಬೆಲೆ. ಚಿನ್ನ ಹೆಚ್ಚು ಬಂದರೂ, ಕಡಿಮೆ ಬಂದರೂ ಇದೇ ದರ.

ಬೇಡಿಕೆ ಮತ್ತು ಪೂರೈಕೆಯ ನಿಯಮ ಓದಿರುವ ನಮಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಟೊಮೆಟೊ ಹೆಚ್ಚು ಬಂದರೆ ಟೊಮೆಟೊ ದರ ಬೀಳುತ್ತದೆ. ಚಿನ್ನ ರಾಶಿ ರಾಶಿಯಾಗಿ ಬಂದು, ಅದರ ದರ ಮಾತ್ರ ಕಾನೂನಿನಿಂದ ಕಟ್ಟಿಹಾಕಿದ್ದರೆ ಏನು ಬದಲಾಗುತ್ತದೆ? ಉತ್ತರ: ಉಳಿದ ಎಲ್ಲದರ ಬೆಲೆ. ಚಿನ್ನ ಅಗ್ಗವಾಯಿತು ಎಂಬುದು ಅಕ್ಕಿ, ಬಟ್ಟೆ, ಕಬ್ಬಿಣ, ಕೂಲಿ ಎಲ್ಲವೂ ದುಬಾರಿಯಾಗುವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಚಿನ್ನ ಸಾಲದಾದರೆ ಎಲ್ಲವೂ ಅಗ್ಗವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಎರಡೂ ನಡೆದವು. ಎರಡರ ಪರಿಣಾಮವೂ ನಮ್ಮ ನೆಲಕ್ಕೆ ತಟ್ಟಿತು.

ಮೊದಲ ಅಲೆ: 1848 ಮತ್ತು 1851

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಮರದ ಗಿರಣಿಯ ನೀರಿನ ಕಾಲುವೆಯಲ್ಲಿ ಚಿನ್ನದ ಹರಳುಗಳು ಸಿಕ್ಕವು. ಮೂರು ವರ್ಷದ ನಂತರ, 1851ರಲ್ಲಿ, ಆಸ್ಟ್ರೇಲಿಯಾದಲ್ಲೂ ಚಿನ್ನ ಸಿಕ್ಕಿತು. ಲಕ್ಷಾಂತರ ಜನ ಅತ್ತ ಓಡಿದರು. ಕೆಲವೇ ವರ್ಷಗಳಲ್ಲಿ ಜಗತ್ತಿನ ವಾರ್ಷಿಕ ಚಿನ್ನದ ಉತ್ಪಾದನೆ ಮೊದಲಿನ ಮೂರು ಪಟ್ಟನ್ನು ಮೀರಿತು.

ಬೆಲೆ ಮೊದಲು ಏರಿದ್ದು ಚಿನ್ನ ಸಿಕ್ಕ ಜಾಗದಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಲರ ಜೇಬಿನಲ್ಲೂ ಚಿನ್ನದ ಪುಡಿ, ಆದರೆ ಅಂಗಡಿಯಲ್ಲಿ ಸಾಮಾನಿಲ್ಲ. ಗಣಿ ಪ್ರದೇಶದಲ್ಲಿ ಒಂದು ಮೊಟ್ಟೆಗೆ ಒಂದು ಡಾಲರ್ ಕೊಟ್ಟವರಿದ್ದರು. ಈ ಸುದ್ದಿ ಕೇಳಿ ಬೇರೆ ಊರುಗಳ ವ್ಯಾಪಾರಿಗಳು ಹಡಗು ತುಂಬ ಹಿಟ್ಟು, ಬಟ್ಟೆ, ಸಲಿಕೆ ತಂದರು. ಸಾಮಾನು ಒಳಗೆ ಬಂತು, ಚಿನ್ನ ಹೊರಗೆ ಹೋಯಿತು. ಅಲ್ಲಿನ ಬೆಲೆ ಇಳಿಯಿತು, ಚಿನ್ನ ತಲುಪಿದ ಊರುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿತು. ಬಾವಿಗೆ ಬಿದ್ದ ಕಲ್ಲಿನ ಅಲೆಯಂತೆ ಬೆಲೆ ಏರಿಕೆಯೂ ನಡುವಿನಿಂದ ಅಂಚಿಗೆ ಹರಡಿತು.

ಲಂಡನ್ ತಲುಪಿದ ಚಿನ್ನ ಅಲ್ಲಿ ನೇರವಾಗಿ ಸಂತೆಗೆ ಹೋಗಲಿಲ್ಲ. ಅದು ಬ್ಯಾಂಕ್ ಆಫ್ ಇಂಗ್ಲೆಂಡಿನ ತಿಜೋರಿ ಸೇರಿತು. ತಿಜೋರಿ ತುಂಬಿದ ಬ್ಯಾಂಕಿಗೆ ಸಾಲ ಕೊಡುವ ಧೈರ್ಯ ಹೆಚ್ಚು. 1852ರಲ್ಲಿ ಬ್ಯಾಂಕ್ ತನ್ನ ಬಡ್ಡಿ ದರವನ್ನು ಶೇಕಡ 2ಕ್ಕೆ ಇಳಿಸಿತು. ಬಡ್ಡಿ ಇಳಿದಾಗ ವ್ಯಾಪಾರಿಗಳು ಸಾಲ ತೆಗೆದು ಸರಕು ಕೊಂಡರು, ಕಾರ್ಖಾನೆ ಕಟ್ಟಿದರು, ಕೂಲಿಗಳನ್ನು ನೇಮಿಸಿದರು. ಕೊಳ್ಳುವವರು ಹೆಚ್ಚಾದಾಗ ಬೆಲೆ ಮೇಲೆ ಹೋಯಿತು. ನಮ್ಮ ಅರ್ಥಶಾಸ್ತ್ರದಲ್ಲಿ ಬರುವ ಫಿಶರ್ ಸಮೀಕರಣ ಇದನ್ನೇ ಚಿಕ್ಕದಾಗಿ ಹೇಳುತ್ತದೆ:

MV = PT

M ಹಣದ ಮೊತ್ತ, V ಹಣ ಕೈಯಿಂದ ಕೈಗೆ ಓಡುವ ವೇಗ, P ಬೆಲೆಮಟ್ಟ, T ವ್ಯಾಪಾರದ ಪ್ರಮಾಣ. ಎಡಗಡೆಯ M ಏರಿದರೆ ಬಲಗಡೆ P ಏರಬೇಕು. ಅಥವಾ T ಏರಬೇಕು, ಅಥವಾ ಎರಡೂ ಸ್ವಲ್ಪ ಸ್ವಲ್ಪ ಏರಬೇಕು.

ಆದರೆ ಬೆಲೆ ಏರಿದ್ದು ಚಿನ್ನದಿಂದಲೇ ಎಂದು ಹೇಳುವುದು ಹೇಗೆ? ಬೆಳೆ ಹೋಗಿರಬಹುದು. 1853ರಿಂದ 1856ರವರೆಗೆ ಕ್ರಿಮಿಯಾ ಯುದ್ಧವೂ ನಡೆದಿತ್ತು. ಈ ಗಂಟನ್ನು ಬಿಡಿಸಿದವರು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ಅವರಿಗೆ ಚಿನ್ನ ಪುಸ್ತಕದ ವಿಷಯವಷ್ಟೇ ಆಗಿರಲಿಲ್ಲ. ಯುವಕರಾಗಿದ್ದಾಗ ಅವರು ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸುವ ಕೆಲಸದಲ್ಲಿದ್ದರು. 1863ರಲ್ಲಿ ಅವರು ಒಂದು ಕಿರುಹೊತ್ತಗೆ ಪ್ರಕಟಿಸಿದರು. ಅದರ ತರ್ಕ ಸರಳ. ಒಂದೇ ವಸ್ತುವಿನ ಬೆಲೆ ಏರಿದರೆ ಕಾರಣ ಆ ವಸ್ತುವಿನಲ್ಲೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ವಸ್ತುಗಳು ಒಟ್ಟಿಗೆ ಏರಿದರೆ ಕಾರಣ ಅಳೆಯುವ ಕೋಲಿನಲ್ಲಿದೆ, ಅಂದರೆ ಚಿನ್ನದಲ್ಲಿದೆ. ಅವರು 39 ಮುಖ್ಯ ಸರಕುಗಳ ಬೆಲೆ ತೆಗೆದುಕೊಂಡು ಗುಣೋತ್ತರ ಸರಾಸರಿ ಹಾಕಿದರು. ಇನ್ನೊಂದು ಎಚ್ಚರವನ್ನೂ ವಹಿಸಿದರು. 1857ರ ಹಣಕಾಸು ಕುಸಿತದ ನಂತರ ವ್ಯಾಪಾರ ಬಿದ್ದು, ಯುದ್ಧವೂ ಮುಗಿದಿದ್ದಾಗ ಬೆಲೆ ಹಳೆಯ ಮಟ್ಟಕ್ಕೆ ಮರಳಿತೇ ಎಂದು ನೋಡಿದರು. ಮರಳಿರಲಿಲ್ಲ. ಚಿನ್ನದ ಮೌಲ್ಯ ಕಡಿಮೆಯೆಂದರೂ ಶೇಕಡ 9ರಷ್ಟು ಕುಸಿದಿದೆ ಎಂದು ಅವರು ತೀರ್ಮಾನಿಸಿದರು. ಸಾಂಖ್ಯಿಕ ಶಾಸ್ತ್ರದಲ್ಲಿ ನಾವು ಬೆಲೆ ಸೂಚ್ಯಂಕ ಎಂದು ಮಾಡುವ ಲೆಕ್ಕದ ಹಿರಿಯರಲ್ಲಿ ಇದೂ ಒಂದು.

ಕ್ಯಾಲಿಫೋರ್ನಿಯಾದ ಚಿನ್ನ ಭಾರತಕ್ಕೆ ಬೆಳ್ಳಿಯಾಗಿ ಬಂತು

ಚಿನ್ನದ ಉತ್ಪಾದನೆ ಮೂರು ಪಟ್ಟಾಗಿ, ಅದರ ಮೌಲ್ಯ ಅಷ್ಟು ಕಡಿಮೆ ಏಕೆ ಕುಸಿಯಿತು? ಮೊದಲ ಕಾರಣ, ಚಿನ್ನ ತಿಂದು ಮುಗಿಯುವ ವಸ್ತುವಲ್ಲ. ಸಾವಿರಾರು ವರ್ಷಗಳಿಂದ ಅಗೆದ ಚಿನ್ನದ ಬಹುಪಾಲು ಇನ್ನೂ ಉಳಿದಿರುತ್ತದೆ. ಕೆರೆ ದೊಡ್ಡದಿದ್ದಾಗ ಕಾಲುವೆಯ ನೀರು ಮೂರು ಪಟ್ಟಾದರೂ ಕೆರೆಯ ಮಟ್ಟ ಒಂದೇ ದಿನದಲ್ಲಿ ಏರುವುದಿಲ್ಲ.

ಎರಡನೆಯ ಕಾರಣದಲ್ಲಿ ನಮ್ಮ ಪಾತ್ರವಿದೆ. ಆಗ ಫ್ರಾನ್ಸಿನಲ್ಲಿ ಚಿನ್ನ ಮತ್ತು ಬೆಳ್ಳಿ ಎರಡೂ ಹಣ. 1803ರ ಕಾನೂನಿನಂತೆ ಒಂದು ಗ್ರಾಂ ಚಿನ್ನಕ್ಕೆ ಹದಿನೈದೂವರೆ ಗ್ರಾಂ ಬೆಳ್ಳಿ. ಹೊಸ ಚಿನ್ನ ಬಂದು ಮಾರುಕಟ್ಟೆಯಲ್ಲಿ ಚಿನ್ನ ಸ್ವಲ್ಪ ಅಗ್ಗವಾದಾಗ ಬುದ್ಧಿವಂತ ವ್ಯಾಪಾರಿಗಳು ಏನು ಮಾಡಿದರು? ಚಿನ್ನವನ್ನು ಪ್ಯಾರಿಸ್ಸಿಗೆ ಒಯ್ದು ಕಾನೂನಿನ ದರದಲ್ಲಿ ನಾಣ್ಯ ಮಾಡಿಸಿದರು, ಆ ಹಣದಿಂದ ಬೆಳ್ಳಿ ನಾಣ್ಯ ಸಂಗ್ರಹಿಸಿ, ಬೆಳ್ಳಿಗೆ ಒಳ್ಳೆಯ ಬೆಲೆ ಇರುವ ದೇಶಕ್ಕೆ ಕಳಿಸಿದರು. ಆ ದೇಶ ಭಾರತ. ನಮ್ಮ ರೂಪಾಯಿ ಬೆಳ್ಳಿಯದು. ಟಂಕಸಾಲೆಗಳು ಎಲ್ಲರಿಗೂ ತೆರೆದಿದ್ದವು, ಯಾರು ಬೆಳ್ಳಿಗಟ್ಟಿ ತಂದರೂ ರೂಪಾಯಿ ಹೊಡೆದುಕೊಡುತ್ತಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡ್ ನಮ್ಮ ಹತ್ತಿಯನ್ನು ಕೊಂಡಿತು, ಅದಕ್ಕೂ ಬೆಳ್ಳಿಯೇ ಬಂತು. ಹೀಗೆ ಕ್ಯಾಲಿಫೋರ್ನಿಯಾದ ಚಿನ್ನ ಫ್ರಾನ್ಸಿನಲ್ಲಿ ಕುಳಿತು, ಅಲ್ಲಿದ್ದ ಬೆಳ್ಳಿಯನ್ನು ನಮ್ಮತ್ತ ದೂಡಿತು. ಒಂದು ದೇಶದ ಬೆಲೆ ಸಿಕ್ಕಾಪಟ್ಟೆ ಏರುವ ಬದಲು ಹಲವು ದೇಶಗಳಲ್ಲಿ ಸ್ವಲ್ಪ ಸ್ವಲ್ಪ ಏರಿತು.

ಎರಡನೆಯ ಘಟ್ಟ: ಎಲ್ಲವೂ ಅಗ್ಗ, ಸಾಲ ಮಾತ್ರ ಭಾರ

1871ರ ನಂತರ ಚಿತ್ರ ತಲೆಕೆಳಗಾಯಿತು. ಜರ್ಮನಿ ಬೆಳ್ಳಿ ಬಿಟ್ಟು ಚಿನ್ನಕ್ಕೆ ಬಂತು, ತನ್ನಲ್ಲಿದ್ದ ಬೆಳ್ಳಿಯನ್ನು ಮಾರತೊಡಗಿತು. ಬೆಳ್ಳಿ ತನ್ನ ಮೇಲೆ ಬಂದು ಬೀಳುತ್ತದೆ ಎಂದು ಹೆದರಿದ ಫ್ರಾನ್ಸ್ ಬೆಳ್ಳಿ ನಾಣ್ಯ ಹೊಡೆಯುವುದನ್ನು ಮೊದಲು ಮಿತಿಗೊಳಿಸಿ, ಆಮೇಲೆ ನಿಲ್ಲಿಸಿತು. ಅಮೆರಿಕವೂ 1879ರಿಂದ ಚಿನ್ನದ ಮೇಲೆ ನಿಂತಿತು. ಚಿನ್ನ ಬೇಕೆನ್ನುವ ದೇಶಗಳು ಹೆಚ್ಚಾದವು, ಹಳೆಯ ಗಣಿಗಳ ಸುಲಭದ ಚಿನ್ನ ಮುಗಿಯುತ್ತಾ ಬಂತು. ಅದೇ ಕಾಲದಲ್ಲಿ ರೈಲು, ಹಬೆ ಹಡಗು, ಸೂಯೆಜ್ ಕಾಲುವೆಗಳಿಂದ ಸರಕಿನ ಪ್ರಮಾಣ ಬೆಳೆಯುತ್ತಿತ್ತು. ಸಮೀಕರಣದಲ್ಲಿ T ಓಡುತ್ತಿತ್ತು, M ಕುಂಟುತ್ತಿತ್ತು. ಹಾಗಾದರೆ P ಬೀಳಲೇಬೇಕು. 1873ರಿಂದ 1896ರ ನಡುವೆ ಬ್ರಿಟನ್ನಿನ ಸಗಟು ಬೆಲೆಗಳು ಸುಮಾರು ಶೇಕಡ 40ರಷ್ಟು ಇಳಿದವು.

ಬೆಲೆ ಇಳಿದರೆ ಒಳ್ಳೆಯದಲ್ಲವೇ ಎನಿಸಬಹುದು. ಸಂಬಳ ಪಡೆಯುವವರಿಗೆ, ಬಡ್ಡಿ ತಿನ್ನುವವರಿಗೆ ಒಳ್ಳೆಯದೇ. ಸಾಲಗಾರನ ಕಡೆಯಿಂದ ನೋಡಿ. ಅಮೆರಿಕದ ರೈತನೊಬ್ಬ 1870ರ ದಶಕದ ಆರಂಭದಲ್ಲಿ ಜಮೀನು ಅಡವಿಟ್ಟು 1000 ಡಾಲರ್ ಸಾಲ ತೆಗೆದ ಎಂದುಕೊಳ್ಳೋಣ. ಆಗ ಒಂದು ಬುಷೆಲ್ ಗೋಧಿಗೆ ಸುಮಾರು ಒಂದು ಡಾಲರ್. ಸಾಲ ಎಂದರೆ ಸಾವಿರ ಬುಷೆಲ್ ಗೋಧಿ. 1894ರಲ್ಲಿ ಗೋಧಿ ಸುಮಾರು ಅರ್ಧ ಡಾಲರಿಗೆ ಬಂದಿತ್ತು. ಕಾಗದದಲ್ಲಿ ಸಾಲ ಅದೇ ಸಾವಿರ ಡಾಲರ್, ಹೊಲದಲ್ಲಿ ಅದು ಎರಡು ಸಾವಿರ ಬುಷೆಲ್. ಬಡ್ಡಿಯ ಮಾತು ಬಿಡಿ, ಅಸಲೇ ಎರಡು ಪಟ್ಟಾಯಿತು. ಆದ್ದರಿಂದಲೇ 1896ರ ಅಮೆರಿಕದ ಅಧ್ಯಕ್ಷ ಚುನಾವಣೆ ಚಿನ್ನವೋ ಬೆಳ್ಳಿಯೋ ಎಂಬ ಪ್ರಶ್ನೆಯ ಮೇಲೆ ನಡೆಯಿತು. ರೈತರ ಪರವಾಗಿ ಬೆಳ್ಳಿಯೂ ಹಣವಾಗಬೇಕು ಎಂದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಸೋತರು.

ಕೋಲಾರದ ಲೆಕ್ಕ

ಎಲ್ಲದರ ಬೆಲೆ ಬೀಳುತ್ತಿರುವಾಗ ದರ ಬೀಳದ ಸರಕು ಒಂದೇ ಒಂದಿತ್ತು, ಅದು ಚಿನ್ನ. ಗಣಿಯವನಿಗೆ ಯಂತ್ರ, ಕಬ್ಬಿಣ, ಕಲ್ಲಿದ್ದಲು ಅಗ್ಗ. ಅವನು ಮಾರುವ ವಸ್ತುವಿಗೆ ಮಾತ್ರ ಹಳೆಯ ದರವೇ. ಹಾಗಾಗಿ ಚಿನ್ನದ ಕೊರತೆಯೇ ಚಿನ್ನ ಹುಡುಕಲು ಪ್ರೋತ್ಸಾಹ ಕೊಡುತ್ತದೆ. ಈ ಪದ್ಧತಿಯ ಒಳಗೇ ಇದ್ದ ಸರಿಪಡಿಸುವ ವ್ಯವಸ್ಥೆ ಇದು. ಆದರೆ ನಿಧಾನ, ದಶಕಗಳೇ ಬೇಕು.

ಕೋಲಾರದಲ್ಲಿ ಚಿನ್ನ ಇದೆ ಎಂಬುದು ಹೊಸ ಸುದ್ದಿಯಾಗಿರಲಿಲ್ಲ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಅಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದಿದ್ದರು. ಏಳು ದಶಕ ಅದು ಹಾಗೇ ಬಿದ್ದಿತ್ತು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಅದರ ಜಾಡು ಹಿಡಿದು ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಬಂತು. ಅದೇ ಸಮಯದಲ್ಲಿ ನಮ್ಮ ನೆರೆಯ ವೈನಾಡಿನ ಚಿನ್ನದ ಹೆಸರಿನಲ್ಲಿಯೂ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಷೇರು ಮಾರಿದವು. ಅವು ಬಹುತೇಕ ಮುಳುಗಿದವು. ಕೋಲಾರದ ಮೈಸೂರು ಗಣಿಯ ಬಂಡವಾಳವೂ ತೀರುತ್ತಾ ಬಂದಿತ್ತು. ಇನ್ನೇನು ಮುಚ್ಚಬೇಕು ಎನ್ನುವಾಗ ಚಾಂಪಿಯನ್ ರೀಫ್ ಎಂಬ ಸಮೃದ್ಧ ಪದರ ಸಿಕ್ಕಿತು.

ಇಲ್ಲಿ ಕೋಲಾರಕ್ಕೆ ಮಾತ್ರ ಇದ್ದ ಒಂದು ಅನುಕೂಲ ಗಮನಿಸಬೇಕು. ಅದರ ಚಿನ್ನ ಮಾರಾಟವಾಗುತ್ತಿದ್ದುದು ಲಂಡನ್ನಿನಲ್ಲಿ, ಪೌಂಡಿಗೆ. ಕೂಲಿ ಕೊಡುತ್ತಿದ್ದುದು ಇಲ್ಲಿ, ಬೆಳ್ಳಿ ರೂಪಾಯಿಯಲ್ಲಿ. ಯುರೋಪು ಬಿಟ್ಟ ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಇಳಿಯಿತು. 1870ರ ಸುಮಾರಿಗೆ ಒಂದು ಪೌಂಡಿಗೆ ಹತ್ತು ರೂಪಾಯಿ ಇದ್ದದ್ದು 1890ರ ದಶಕದ ನಡುವೆ ಹದಿನೆಂಟರವರೆಗೆ ಹೋಯಿತು.

ಒಂದು ಕಾಲ್ಪನಿಕ ಗಣಿಯ ಲೆಕ್ಕ ಮಾಡೋಣ. ಒಂದು ಔನ್ಸ್ ಶುದ್ಧ ಚಿನ್ನಕ್ಕೆ ಲಂಡನ್ನಿನಲ್ಲಿ ಹೆಚ್ಚೂಕಡಿಮೆ 4.25 ಪೌಂಡ್. ಒಂದು ಔನ್ಸ್ ತೆಗೆಯಲು ಕೂಲಿ ಮುಂತಾದ ಸ್ಥಳೀಯ ಖರ್ಚು 25 ರೂಪಾಯಿ, ವಿಲಾಯತಿಯಿಂದ ತರಿಸುವ ಸಾಮಾನಿಗೆ 1 ಪೌಂಡ್ ಎಂದಿಟ್ಟುಕೊಳ್ಳೋಣ.

ಪೌಂಡಿಗೆ 10 ರೂಪಾಯಿ ಇದ್ದಾಗ ಮಾರಾಟದಿಂದ ಬರುವುದು 42.50 ರೂಪಾಯಿ, ಖರ್ಚು 25 ಮತ್ತು 10 ಸೇರಿ 35. ಲಾಭ 7.50 ರೂಪಾಯಿ.

ಪೌಂಡಿಗೆ 18 ರೂಪಾಯಿ ಆದಾಗ ಮಾರಾಟದಿಂದ 76.50 ರೂಪಾಯಿ, ಖರ್ಚು 25 ಮತ್ತು 18 ಸೇರಿ 43. ಲಾಭ 33.50 ರೂಪಾಯಿ.

ಲಾಭ ನಾಲ್ಕು ಪಟ್ಟು ಮೀರಿತು ಎಂದು ಇಲ್ಲೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಷೇರುದಾರರು ಇರುವುದು ಲಂಡನ್ನಿನಲ್ಲಿ, ಅವರಿಗೆ ಬೇಕಾದದ್ದು ಪೌಂಡ್. 7.50 ರೂಪಾಯಿಯನ್ನು 10ರಿಂದ ಭಾಗಿಸಿದರೆ 0.75 ಪೌಂಡ್, 33.50ನ್ನು 18ರಿಂದ ಭಾಗಿಸಿದರೆ 1.86 ಪೌಂಡ್. ಅಂದರೆ ನಿಜವಾದ ಲಾಭ ಎರಡೂವರೆ ಪಟ್ಟು. ಗಣಿಯ ಒಳಗೆ ಏನೂ ಬದಲಾಗಿಲ್ಲ, ಒಂದು ಗುದ್ದಲಿಯೂ ಹೆಚ್ಚು ಬಿದ್ದಿಲ್ಲ. ಈ ಹೆಚ್ಚುವರಿ ಬಂದದ್ದು ಎಲ್ಲಿಂದ? 25 ರೂಪಾಯಿಯ ಕೂಲಿ ಮೊದಲು ಕಂಪನಿಗೆ ಎರಡೂವರೆ ಪೌಂಡ್ ಆಗುತ್ತಿತ್ತು, ಈಗ 1.39 ಪೌಂಡಿಗೆ ಮುಗಿಯಿತು. ನೆಲದಡಿ ದುಡಿಯುವವನಿಗೆ ರೂಪಾಯಿಯಲ್ಲಿ ಕೂಲಿ ನಿಗದಿಯಾಗಿದ್ದರಿಂದ ಬೆಳ್ಳಿ ಇಳಿದ ಲಾಭ ಅವನ ಕೈಗೆ ಬರುವ ದಾರಿಯೇ ಇರಲಿಲ್ಲ.

ಏಳೂವರೆ ತೊಲೆ, ಐವತ್ತೆರಡೂವರೆ ತೊಲೆ

ಚಿನ್ನ ಮತ್ತು ಬೆಳ್ಳಿ ಹೀಗೆ ಬೇರೆ ಬೇರೆ ದಾರಿ ಹಿಡಿದದ್ದನ್ನು ತಿಳಿಯಲು ನಮ್ಮ ಮನೆಗಳಲ್ಲೇ ಒಂದು ಅಳತೆಗೋಲು ಇದೆ. ಜಕಾತ್ ಕೊಡಬೇಕಾಗುವ ಕನಿಷ್ಠ ಮಿತಿಗೆ ನಿಸಾಬ್ ಎನ್ನುತ್ತೇವೆ. ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕದಲ್ಲಿ ಅದು ಏಳೂವರೆ ತೊಲೆ ಚಿನ್ನ, ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿ. ಭಾಗಿಸಿ ನೋಡಿ, ಸರಿಯಾಗಿ ಏಳು ಬರುತ್ತದೆ. ಎರಡೂ ಒಂದೇ ಬೆಲೆಯಾಗಬೇಕಾದರೆ ಒಂದು ತೊಲೆ ಚಿನ್ನಕ್ಕೆ ಏಳು ತೊಲೆ ಬೆಳ್ಳಿ ಸಿಗಬೇಕು. 1870ರಲ್ಲಿ ಹದಿನೈದೂವರೆ ಸಿಗುತ್ತಿತ್ತು. 1890ರ ದಶಕದ ನಡುವೆ ಮೂವತ್ತು ದಾಟಿತು. ಅಂದರೆ ಇಪ್ಪತ್ತೈದೇ ವರ್ಷದಲ್ಲಿ ಚಿನ್ನದ ನಿಸಾಬ್ ಬೆಳ್ಳಿಯ ನಿಸಾಬಿನ ಸುಮಾರು ಎರಡು ಪಟ್ಟು ಇದ್ದದ್ದು ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಇಂದು ಯಾವ ನಿಸಾಬ್ ಹಿಡಿಯಬೇಕು ಎಂದು ಮನೆಗಳಲ್ಲಿ ಚರ್ಚೆ ನಡೆಯುವುದಕ್ಕೆ ಈ ಅಂತರ ಕಾರಣ. ಯುರೋಪಿನ ಸರ್ಕಾರಗಳು ಬೆಳ್ಳಿಯನ್ನು ಹಣದ ಪಟ್ಟಿಯಿಂದ ಕೈಬಿಟ್ಟದ್ದು ಆ ಅಂತರವನ್ನು ಹಿಗ್ಗಿಸಿದ ದೊಡ್ಡ ಹೆಜ್ಜೆ.

ಶಿವನಸಮುದ್ರದ ನೀರು, ಕೋಲಾರದ ಚಿನ್ನ

ಅಗ್ಗದ ರೂಪಾಯಿಯಿಂದ ಕಂಪನಿಗೆ ಲಾಭವಾದರೆ ಭಾರತ ಸರ್ಕಾರಕ್ಕೆ ತಲೆನೋವಾಯಿತು. ಅದು ಪ್ರತಿ ವರ್ಷ ಸಾಲದ ಬಡ್ಡಿ, ಪಿಂಚಣಿ ಇತ್ಯಾದಿಗೆ ಲಂಡನ್ನಿಗೆ ಪೌಂಡ್ ಕಳಿಸಬೇಕಿತ್ತು. ಒಂದು ಕೋಟಿ ಪೌಂಡಿಗೆ ಮೊದಲು ಹತ್ತು ಕೋಟಿ ರೂಪಾಯಿ ಸಾಕಿತ್ತು, ಈಗ ಹದಿನೆಂಟು ಕೋಟಿ ಬೇಕು. ಅದನ್ನು ಜನರಿಂದಲೇ ತೆರಿಗೆಯಾಗಿ ಎತ್ತಬೇಕು. 1888ರಲ್ಲಿ ಉಪ್ಪಿನ ತೆರಿಗೆ ಏರಿತು. ಕೊನೆಗೆ 1893ರಲ್ಲಿ ಸರ್ಕಾರ ಟಂಕಸಾಲೆಯ ಬಾಗಿಲನ್ನು ಬೆಳ್ಳಿ ತರುವ ಜನರಿಗೆ ಮುಚ್ಚಿತು. ಹೊಸ ರೂಪಾಯಿ ಬರುವುದು ಕಡಿಮೆಯಾದಾಗ ಅದರ ಬೆಲೆ ಮೇಲೆ ಬಂತು. 1899ರಲ್ಲಿ ಒಂದು ಸವರನ್ನಿಗೆ 15 ರೂಪಾಯಿ ಎಂದು ಗೊತ್ತುಮಾಡಿದರು. ನಮ್ಮ ರೂಪಾಯಿ ನೋಡಲು ಬೆಳ್ಳಿಯಾಗಿದ್ದರೂ ಅಲ್ಲಿಂದ ಮುಂದೆ ಚಿನ್ನದ ಬಾಲ ಹಿಡಿದು ನಡೆಯಿತು.

ಕೋಲಾರದ ಗಣಿಗಳಿಗೆ ರೂಪಾಯಿ ಇಳಿಯುವ ಅನುಕೂಲ ಅಲ್ಲಿಗೆ ನಿಂತಿತು. ಗಣಿಗಳು ಆಳಕ್ಕೆ ಹೋಗುತ್ತಿದ್ದವು, ಹಬೆ ಯಂತ್ರಗಳಿಗೆ ಕಟ್ಟಿಗೆ, ಕಲ್ಲಿದ್ದಲಿನ ಖರ್ಚು ದೊಡ್ಡದು. ಬೇರೆ ಉದ್ದಿಮೆಯಾಗಿದ್ದರೆ ಖರ್ಚು ಹೆಚ್ಚಿತು ಎಂದು ಸರಕಿನ ದರ ಏರಿಸಬಹುದಿತ್ತು. ಚಿನ್ನದ ಗಣಿಗೆ ಆ ದಾರಿ ಇಲ್ಲ, ಖರ್ಚು ಇಳಿಸುವುದೊಂದೇ ಉಪಾಯ. ಅಂಥ ಉಪಾಯ ಬಂದದ್ದು ನಮ್ಮ ಕೊಳ್ಳೇಗಾಲದ ಮಗ್ಗುಲಿನಿಂದ. ಭರಚುಕ್ಕಿ, ಗಗನಚುಕ್ಕಿ ನೋಡಲು ಹೋದವರೆಲ್ಲ ಶಿವನಸಮುದ್ರದ ಹಳೆಯ ವಿದ್ಯುದಾಗಾರದ ಹೆಸರು ಕೇಳಿರುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿ, 1902ರ ಜೂನ್‌ನಲ್ಲಿ ಅಲ್ಲಿಂದ ಸುಮಾರು 92 ಮೈಲಿ ತಂತಿ ಎಳೆದು ಮೊದಲು ವಿದ್ಯುತ್ ಕೊಟ್ಟದ್ದು ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ, ಕೋಲಾರದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ದೀಪಕ್ಕಿಂತ ಮೊದಲು ಗಣಿಗೆ ಕರೆಂಟು ಹೋದದ್ದೇಕೆ ಎಂಬುದಕ್ಕೆ ಉತ್ತರ ಈ ಕಟ್ಟಿಹಾಕಿದ ದರದಲ್ಲೂ ಇದೆ. ಪ್ರತಿ ಔನ್ಸಿನ ಖರ್ಚು ಇಳಿಸಲು ಬೆಲೆ ತೆರಲು ಸಿದ್ಧವಿದ್ದ ದೊಡ್ಡ ಗಿರಾಕಿ ಎಂದರೆ ಗಣಿಯೇ.

ಹೊಸ ಚಿನ್ನ ಕೊನೆಗೂ ಬೆಲೆ ಏರಿಸಿತು

ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡಿನಲ್ಲಿ 1886ರಲ್ಲಿ ಚಿನ್ನ ಸಿಕ್ಕಿತ್ತು. ಅಲ್ಲಿನ ಅದಿರು ಅಪಾರ, ಆದರೆ ಒಂದು ಟನ್ ಕಲ್ಲಿನಲ್ಲಿ ಚಿನ್ನ ಅತ್ಯಲ್ಪ. ಪಾದರಸದಿಂದ ಹಿಡಿಯುವ ಹಳೆಯ ವಿಧಾನದಲ್ಲಿ ಬಹಳಷ್ಟು ಚಿನ್ನ ಹೂಳಿನೊಂದಿಗೆ ಹೋಗುತ್ತಿತ್ತು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬಿಸಾಡಿದ ಪುಡಿಯೂ ಈಗ ಅದಿರಾಯಿತು. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲೂ ಚಿನ್ನ ಸಿಕ್ಕಿತು. ಕೋಲಾರ 1905ರ ಸುಮಾರಿಗೆ ತನ್ನ ಉತ್ತುಂಗ ಮುಟ್ಟಿ ವರ್ಷಕ್ಕೆ ಆರು ಲಕ್ಷ ಔನ್ಸ್‌ನಷ್ಟು ಕೊಟ್ಟಿತು. ಜಗತ್ತಿನ ಉತ್ಪಾದನೆಯಲ್ಲಿ ಇದು ನೂರಕ್ಕೆ ಮೂರರಷ್ಟು. ಹಾಗಾಗಿ ಜಗತ್ತಿನ ಬೆಲೆ ಬದಲಿಸಿದ್ದು ಕೋಲಾರ ಎನ್ನಲಾಗದು, ಮುಖ್ಯ ಪಾಲು ದಕ್ಷಿಣ ಆಫ್ರಿಕಾದ್ದು. ಕೋಲಾರ ಆ ದೊಡ್ಡ ಹೊಳೆ ಸೇರಿದ ಒಂದು ತೊರೆ.

1896ರ ನಂತರ ಬೆಲೆಗಳು ಇಳಿಯುವುದು ನಿಂತು, 1913ರವರೆಗೆ ಬ್ರಿಟನ್ನಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಏರಿದವು. ಬ್ರಯಾನ್ ಬೆಳ್ಳಿಯಿಂದ ಮಾಡಬೇಕೆಂದದ್ದನ್ನು ಹೊಸ ಚಿನ್ನ ಮಾಡಿತು. ರೈತರ ಸಾಲದ ಭಾರ ಇಳಿಯಿತು. ಆದರೆ ಅದು ಬಂದದ್ದು ಇಪ್ಪತ್ತಮೂರು ವರ್ಷ ತಡವಾಗಿ, ಅಷ್ಟರಲ್ಲಿ ಎಷ್ಟೋ ಜನರ ಜಮೀನು ಹರಾಜಾಗಿ ಹೋಗಿತ್ತು. ಸುವರ್ಣ ಪ್ರಮಾಣದ ಮಿತಿ ಇದೇ. ದೇಶದಲ್ಲಿ ಹಣ ಎಷ್ಟಿರಬೇಕು ಎಂಬುದನ್ನು ಜನರ ಅಗತ್ಯವಾಗಲಿ ಸರ್ಕಾರವಾಗಲಿ ತೀರ್ಮಾನಿಸುತ್ತಿರಲಿಲ್ಲ. ಯಾವ ನೆಲದಲ್ಲಿ ಯಾವಾಗ ಪದರ ಸಿಗುತ್ತದೆ, ಯಾವ ರಸಾಯನ ಯಾವಾಗ ಕಂಡುಹಿಡಿಯಲ್ಪಡುತ್ತದೆ ಎಂಬುದು ತೀರ್ಮಾನಿಸುತ್ತಿತ್ತು.

1931ರಲ್ಲಿ ಬ್ರಿಟನ್ ಚಿನ್ನದ ಪದ್ಧತಿ ಬಿಟ್ಟಿತು. ಅಲ್ಲಿಂದ ಚಿನ್ನದ ದರಕ್ಕೆ ಕಟ್ಟು ಸಡಿಲವಾಯಿತು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಆಳದಿಂದ ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು. ಇಂದು ಚಿನ್ನದ ದರ ದಿನವೂ ಬದಲಾಗುತ್ತಿರುತ್ತದೆ, ಪತ್ರಿಕೆಯಲ್ಲಿ ನಾವು ಅದನ್ನು ಓದಿ ನಿಟ್ಟುಸಿರು ಬಿಡುತ್ತೇವೆ. ಆಗ ಬದಲಾಗುತ್ತಿದ್ದುದು ಉಳಿದೆಲ್ಲದರ ದರ. ಅಳತೆಗೋಲೇ ಉದ್ದವಾಗಿ ಗಿಡ್ಡವಾಗಿ ಆಡುತ್ತಿದ್ದಾಗ ಅದನ್ನು ನೋಡಿದ ಜನರಿಗೆ ಕಂಡದ್ದು ಬಟ್ಟೆ ಕುಗ್ಗಿತು, ಬಟ್ಟೆ ಹಿಗ್ಗಿತು ಎಂದಷ್ಟೇ.